‘ಶೇಕಡಾ 31’ ಎಂದವರನ್ನು ಏನು ಕೇಳಬೇಕು?

ಆರೋಗ್ಯದ ಮೇಲಿನ ಉಪನ್ಯಾಸ ಮುಗಿದು, ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂಬ ಮಾತು ವೇದಿಕೆಯಿಂದ ಬಂದೊಡನೆ ಸಭೆಯಲ್ಲಿ ಒಂದು ಗಳಿಗೆ ಮೌನ ಕವಿಯುತ್ತದೆ. ಅನಂತರ ಏಳುವ ಪ್ರಶ್ನೆಗಳು ನಮಗೆಲ್ಲ ಪರಿಚಿತವಾದವೇ. ಬೆಲ್ಲ ತಿನ್ನಬಹುದೆ, ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕೆ ಹಿಂದೆಯೆ, ಔಷಧಿ ಎಲ್ಲಿ ದೊರೆಯುತ್ತದೆ. ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಪರದೆಯ ಮೇಲೆ ಮೂಡಿ ಮರೆಯಾದ ಅಂಕಿಗಳನ್ನು ಕುರಿತು, ಏರಿಳಿದ ನಕ್ಷೆಗಳನ್ನು ಕುರಿತು ಯಾರೂ ಬಾಯಿ ತೆರೆಯುವುದಿಲ್ಲ. ಅವು ವಿದ್ವಾಂಸರ ವಿಷಯ, ನಮಗೇಕೆ ಎಂದು ಸುಮ್ಮನಾಗುತ್ತೇವೆ. ಔಷಧವು ಗುಣಕಾರಿಯೆಂದು ಹೇಳುವ ಮಾತಿನ ಬುನಾದಿ ಇರುವುದು ಆ ಅಂಕಿಗಳಲ್ಲೇ. ಅವುಗಳ ಬಗ್ಗೆ ಕೇಳಬಹುದಾದ ಕೆಲವು ಪ್ರಶ್ನೆಗಳನ್ನು, ನಿಜವಾಗಿ ನಡೆದ ಒಂದೇ ಪ್ರಸಂಗವನ್ನು ಹಿಡಿದು, ಈ ಸಂಚಿಕೆಯಲ್ಲಿ ವಿವರಿಸಲು ಯತ್ನಿಸುತ್ತೇವೆ. ಕೂಡು, ಕಳೆ, ವರ್ಗಮೂಲ ಇಷ್ಟು ತಿಳಿದಿದ್ದರೆ ಸಾಕು.

ಪ್ರಸಂಗವು ಥಾಯ್ಲೆಂಡ್ ದೇಶದ್ದು. ಎಚ್‌ಐವಿ ಸೋಂಕನ್ನು ತಡೆಯಬಲ್ಲ ಲಸಿಕೆಗಾಗಿ ಆ ದೇಶದ ಆರೋಗ್ಯ ಇಲಾಖೆಯೂ ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗವೂ ಕೂಡಿ 2003ರಲ್ಲಿ ಒಂದು ದೊಡ್ಡ ಪರೀಕ್ಷೆಯನ್ನು ಆರಂಭಿಸಿದವು. ಆರ್‌ವಿ 144 ಎಂಬುದು ಅದರ ಹೆಸರು. ರಯೋಂಗ್ ಮತ್ತು ಚೋನ್‌ಬುರಿ ಎಂಬ ಎರಡು ಪ್ರಾಂತ್ಯಗಳಲ್ಲಿ 18ರಿಂದ 30 ವರ್ಷದೊಳಗಿನ 16,402 ಮಂದಿ ಸ್ವಇಚ್ಛೆಯಿಂದ ಅದರಲ್ಲಿ ಸೇರಿಕೊಂಡರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಎರಡು ಬಗೆಯ ಲಸಿಕೆಗಳನ್ನು ಕೂಡಿಸಿ ಆರು ತಿಂಗಳ ಅವಧಿಯಲ್ಲಿ ಕೊಡಲಾಯಿತು. ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಇರುವ, ಆದರೆ ಔಷಧಗುಣವಿಲ್ಲದ ಹುಸಿ ಚುಚ್ಚುಮದ್ದು ದೊರೆಯಿತು. ಯಾರಿಗೆ ಯಾವುದು ಸಿಕ್ಕಿತೆಂಬುದು ಹಾಕಿಸಿಕೊಂಡವರಿಗೂ ತಿಳಿದಿರಲಿಲ್ಲ, ಹಾಕಿದವರಿಗೂ ತಿಳಿದಿರಲಿಲ್ಲ. ಬಳಿಕ ಮೂರು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ನಡೆಯಿತು.

2009ರ ಸೆಪ್ಟೆಂಬರ್ 24ರಂದು ಪತ್ರಿಕಾಗೋಷ್ಠಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಲಸಿಕೆಯು ಸೋಂಕನ್ನು ಶೇಕಡಾ 31ರಷ್ಟು ತಗ್ಗಿಸಿದೆ, ಪಿ-ಮೌಲ್ಯ 0.04, ಆದುದರಿಂದ ಇದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯ ಎಂಬುದು ಅಂದಿನ ವಾರ್ತೆಯ ತಿರುಳು. ಎಚ್‌ಐವಿ ಲಸಿಕೆಯೊಂದು ಮನುಷ್ಯರಲ್ಲಿ ಕೆಲಸ ಮಾಡಿದಂತೆ ಕಂಡದ್ದು ಅದೇ ಮೊದಲು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಮುಖಪುಟಕ್ಕೆ ತಂದವು. ಆ ಸುದ್ದಿಯನ್ನು ಓದಿದ ನಾವೂ, ಲಸಿಕೆ ಹಾಕಿಸಿಕೊಂಡ ನೂರು ಮಂದಿಯಲ್ಲಿ 31 ಮಂದಿಗೆ ರೋಗ ತಗುಲದೆಂದೇ ಅರ್ಥಮಾಡಿಕೊಂಡಿದ್ದೆವು. ಅದು ತಪ್ಪಾಗಿತ್ತು. ಆ ಗೋಷ್ಠಿಯ ಹಿಂದಿನ ಸಾಲಿನಲ್ಲಿ ನಾವು ಕುಳಿತಿದ್ದೆವೆಂದೇ ಭಾವಿಸಿ, ಯಾವ ಪ್ರಶ್ನೆಗಳನ್ನು ಕೇಳಬಹುದಾಗಿತ್ತೆಂದು ಈಗ ನೋಡೋಣ.

ಮೊದಲನೆಯದು ಅತಿ ಸರಳವಾದ ಪ್ರಶ್ನೆ: ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಎಂದು ತಲೆ ಎಣಿಸಿ ಹೇಳುವಿರಾ? ಇದಕ್ಕೆ ಉತ್ತರ ಇತ್ತು. ಲಸಿಕೆ ಪಡೆದ 8,197 ಮಂದಿಯಲ್ಲಿ 51 ಮಂದಿಗೆ ಸೋಂಕು ತಗುಲಿತ್ತು. ಹುಸಿ ಚುಚ್ಚುಮದ್ದು ಪಡೆದ 8,198 ಮಂದಿಯಲ್ಲಿ 74 ಮಂದಿಗೆ ತಗುಲಿತ್ತು. ಸಾವಿರಕ್ಕೆ ಲೆಕ್ಕ ಹಾಕಿದರೆ ಲಸಿಕೆಯಿಲ್ಲದವರಲ್ಲಿ ಸುಮಾರು 9, ಲಸಿಕೆಯಿದ್ದವರಲ್ಲಿ ಸುಮಾರು 6. ಈ 9ಕ್ಕೂ 6ಕ್ಕೂ ಇರುವ ಅಂತರವನ್ನೇ 9ರ ಪಾಲಾಗಿ ಹೇಳಿದರೆ ‘ಶೇಕಡಾ 31’ ಆಗುತ್ತದೆ, ಸಾವಿರ ಜನರ ಪಾಲಾಗಿ ಹೇಳಿದರೆ ‘ಸಾವಿರಕ್ಕೆ 3’ ಆಗುತ್ತದೆ. ಎರಡೂ ಸತ್ಯವೇ. ಆದರೆ ಒಂದನ್ನು ಕೇಳಿದವನ ಮನಸ್ಸಿನಲ್ಲಿ ಮೂಡುವ ಚಿತ್ರ ಬೇರೆ, ಇನ್ನೊಂದನ್ನು ಕೇಳಿದವನದು ಬೇರೆ. ಆ ಅವಧಿಯಲ್ಲಿ ಲಸಿಕೆಯಿಲ್ಲದೆಯೂ ಸಾವಿರದಲ್ಲಿ 991 ಮಂದಿಗೆ ಸೋಂಕು ತಗುಲಿರಲಿಲ್ಲ ಎಂಬ ಸಂಗತಿಯು ಶೇಕಡಾವಾರಿನ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಶೇಕಡಾವಾರು ಕಿವಿಗೆ ಬಿದ್ದಾಗಲೆಲ್ಲ ‘ಯಾವುದರ ಶೇಕಡಾ?’ ಎಂದು ಕೇಳುವುದರಿಂದ ಯಾರಿಗೂ ಅವಮಾನವಾಗದು. ಒಳ್ಳೆಯ ಸಂಶೋಧಕರು ಆ ಪ್ರಶ್ನೆಗೆ ಸಿದ್ಧರಾಗಿಯೇ ಬಂದಿರುತ್ತಾರೆ.

ಇನ್ನು ಪಿ-ಮೌಲ್ಯ 0.04 ಎಂದರೇನು? ಇದನ್ನು ಅರಿಯಲು ಒಂದು ನಾಣ್ಯ ಸಾಕು. ಲಸಿಕೆಗೆ ಯಾವ ಗುಣವೂ ಇಲ್ಲವೆಂದು ಕ್ಷಣಕಾಲ ಒಪ್ಪಿಕೊಳ್ಳೋಣ. ಎರಡೂ ಗುಂಪುಗಳು ಗಾತ್ರದಲ್ಲಿ ಸಮಾನ, ಹಂಚಿಕೆಯೂ ಚೀಟಿ ಎತ್ತಿದಂತೆ ಆಗಿದೆ. ಹಾಗಿದ್ದಲ್ಲಿ ಒಟ್ಟು ಸೋಂಕಿತರಾದ 125 ಮಂದಿಯಲ್ಲಿ ಪ್ರತಿಯೊಬ್ಬರೂ ಈ ಗುಂಪಿನವರಾಗಿರುವ ಸಂಭವವೂ ಆ ಗುಂಪಿನವರಾಗಿರುವ ಸಂಭವವೂ ಒಂದೇ. ಅಂದರೆ ನಾಣ್ಯವನ್ನು 125 ಸಲ ಚಿಮ್ಮಿದಂತಾಯಿತು. ಸರಿಯಾಗಿ ಅರ್ಧಕ್ಕರ್ಧ ಬರುವುದು ಸಾಧ್ಯವೇ ಇಲ್ಲ, ಒಂದಿಷ್ಟು ಏರುಪೇರು ಇದ್ದೇ ಇರುತ್ತದೆ. ಗುಣವಿಲ್ಲದ ಲಸಿಕೆಯಲ್ಲಿಯೂ 51ಕ್ಕೆ 74ರಷ್ಟು, ಅಥವಾ ಅದಕ್ಕಿಂತ ಹೆಚ್ಚಿನ ಏರುಪೇರು, ಬರಿಯ ಆಕಸ್ಮಿಕದಿಂದ ಎಷ್ಟು ಸಲ ಕಂಡೀತು? ಇಂತಹ ನೂರು ಪರೀಕ್ಷೆಗಳಲ್ಲಿ ಸುಮಾರು 4 ಸಲ. ಪಿ-ಮೌಲ್ಯ ಹೇಳುವುದು ಇಷ್ಟನ್ನೇ.

ಇದನ್ನು ಸಭೆಯಲ್ಲಿ ಕುಳಿತಲ್ಲಿಯೇ ತಾಳೆ ನೋಡಬಹುದಾದ ಒಂದು ಉಪಾಯವಿದೆ. ಗುಂಪುಗಳು ಸಮಾನ ಗಾತ್ರದವಾಗಿದ್ದು ರೋಗವು ಅಪರೂಪದ್ದಾಗಿದ್ದರೆ, ಎರಡೂ ಕಡೆಯ ರೋಗಿಗಳ ಸಂಖ್ಯೆಯ ಅಂತರವನ್ನು ತೆಗೆಯಿರಿ. ಬಳಿಕ ಎರಡನ್ನೂ ಕೂಡಿಸಿ ಅದರ ವರ್ಗಮೂಲ ತೆಗೆದು ಇಮ್ಮಡಿ ಮಾಡಿ. ಅಂತರವು ಈ ಇಮ್ಮಡಿಗಿಂತ ದೊಡ್ಡದಾದರೆ ಪಿ-ಮೌಲ್ಯವು ಸರಿಸುಮಾರಾಗಿ 0.05ಕ್ಕಿಂತ ಕೆಳಗೆ ಇಳಿಯುತ್ತದೆ. ಇಲ್ಲಿ 74ರಲ್ಲಿ 51 ಕಳೆದರೆ 23. ಒಟ್ಟು 125, ಅದರ ವರ್ಗಮೂಲ 11.2, ಇಮ್ಮಡಿ 22.4. ಅಂತರ 23 ಆಗಿರುವುದರಿಂದ ಗೆರೆ ದಾಟಿದೆ, ಆದರೆ ಕೂದಲೆಳೆಯಷ್ಟು ಮಾತ್ರ. ಸೋಂಕಿತರಲ್ಲಿ ಒಬ್ಬರೇ ಒಬ್ಬರು ಹುಸಿಮದ್ದಿನ ಗುಂಪಿನ ಬದಲು ಲಸಿಕೆಯ ಗುಂಪಿನಲ್ಲಿದ್ದಿದ್ದರೆ 73ಕ್ಕೆ 52 ಆಗಿ, ಅಂತರ 21ಕ್ಕೆ ಇಳಿದು, ಫಲಿತಾಂಶವು ಗೆರೆಯ ಈಚೆಗೇ ಉಳಿಯುತ್ತಿತ್ತು. 16 ಸಾವಿರಕ್ಕೂ ಹೆಚ್ಚು ಮಂದಿ, ಆರು ವರ್ಷಗಳ ಶ್ರಮ, ಜಗತ್ತಿನ ಮುಖಪುಟಗಳು ಎಲ್ಲವೂ ಒಬ್ಬ ವ್ಯಕ್ತಿಯ ಮೇಲೆ ನಿಂತಿದ್ದವು. ‘ಒಬ್ಬಿಬ್ಬರು ಆಚೆ ಈಚೆ ಆಗಿದ್ದರೆ ನಿಮ್ಮ ಮಾತು ನಿಲ್ಲುತ್ತಿತ್ತೆ?’ ಎಂಬ ಪ್ರಶ್ನೆಯನ್ನು ನಾವು ಬಹಳ ಮೆಚ್ಚುತ್ತೇವೆ. ಅದಕ್ಕೆ ದೊರೆಯುವ ಉತ್ತರದಿಂದ ಫಲಿತಾಂಶದ ಗಟ್ಟಿತನ ತಟ್ಟನೆ ಗೊತ್ತಾಗುತ್ತದೆ.

ಈ 0.05ರ ಗೆರೆ ಎಲ್ಲಿಂದ ಬಂತೆಂದು ಕೆಲವರಿಗೆ ಕುತೂಹಲವಿರಬಹುದು. ಅದು ಪ್ರಕೃತಿ ಎಳೆದ ಗೆರೆಯಲ್ಲ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಅವರು 1925ರಲ್ಲಿ ಸಂಶೋಧಕರಿಗಾಗಿ ಬರೆದ ಪುಸ್ತಕದಲ್ಲಿ, ಇಪ್ಪತ್ತಕ್ಕೊಂದು ಎಂಬ ಪ್ರಮಾಣವನ್ನು ಅನುಕೂಲಕರವಾದ ಎಲ್ಲೆಯೆಂದು ಸೂಚಿಸಿದರು. ಅನುಕೂಲಕ್ಕೆಂದು ಹಾಕಿದ ಗುರುತು ಕಾಲಕ್ರಮದಲ್ಲಿ ಶಾಸನದಂತಾಯಿತು.

ಪಿ-ಮೌಲ್ಯದ ವಿಷಯದಲ್ಲಿ ವಿದ್ವಾಂಸರೂ ಎಡವುವ ಒಂದು ಜಾಗವಿದೆ. 0.04 ಎಂದರೆ ‘ಲಸಿಕೆ ನಿಷ್ಪ್ರಯೋಜಕವಾಗಿರುವ ಸಂಭವ ನೂರಕ್ಕೆ 4, ಫಲಕಾರಿಯಾಗಿರುವ ಸಂಭವ ನೂರಕ್ಕೆ 96’ ಎಂದು ವಿವರಿಸಿಬಿಡುತ್ತಾರೆ. ಇದು ತಲೆಕೆಳಗಾದ ಮಾತು. ಮಳೆ ಬಂದರೆ ಅಂಗಳ ನೆನೆಯುವುದು ನಿಶ್ಚಯ. ಆದರೆ ಬೆಳಗ್ಗೆ ಎದ್ದಾಗ ಅಂಗಳ ನೆನೆದಿದ್ದರೆ ಮಳೆ ಬಂದಿರುವುದು ನಿಶ್ಚಯವೆ? ಮನೆಯವರು ರಂಗವಲ್ಲಿಗೆಂದು ನೀರು ಚಿಮುಕಿಸಿರಬಹುದು. ‘ಮಳೆ ಬಂದಿದ್ದರೆ ಅಂಗಳ’ ಎಂಬುದೂ ‘ಅಂಗಳ ನೆನೆದಿದ್ದರೆ ಮಳೆ’ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಹಾಗೆಯೇ ‘ಲಸಿಕೆಗೆ ಗುಣವಿಲ್ಲದಿದ್ದರೆ ಇಂತಹ ಅಂಕಿ ಬರುವ ಸಂಭವ’ ಬೇರೆ, ‘ಇಂತಹ ಅಂಕಿ ಬಂದಿರುವಾಗ ಲಸಿಕೆಗೆ ಗುಣವಿಲ್ಲದಿರುವ ಸಂಭವ’ ಬೇರೆ. ಪಿ-ಮೌಲ್ಯವು ಮೊದಲನೆಯದಕ್ಕೆ ಮಾತ್ರ ಉತ್ತರ. ಎರಡನೆಯದಕ್ಕೆ ಉತ್ತರಿಸಬೇಕಾದರೆ ಆ ಲಸಿಕೆಯ ಬಗ್ಗೆ ಮೊದಲೇ ಏನು ತಿಳಿದಿತ್ತೆಂಬುದನ್ನೂ ಸೇರಿಸಿಕೊಳ್ಳಬೇಕು. ಮಳೆಗಾಲವೋ ಬೇಸಗೆಯೋ ಎಂದು ನೋಡಿ ಅಂಗಳದ ವಿಚಾರ ಹೇಳುವಂತೆ. ಪಿ-ಮೌಲ್ಯದಿಂದ ಊಹೆಯ ಸತ್ಯಾಸತ್ಯದ ಸಂಭವ ತಿಳಿಯದೆಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿಕೆ ಹೊರಡಿಸಬೇಕಾಯಿತು ಎಂದರೆ, ಈ ತಪ್ಪು ಎಷ್ಟು ವ್ಯಾಪಕವೆಂದು ಊಹಿಸಬಹುದು. ಆದ್ದರಿಂದ ವೇದಿಕೆಯ ಮೇಲಿರುವವರನ್ನು ‘ಈ 0.04 ಯಾವುದರ ಸಂಭವ ಎಂದು ಒಂದು ವಾಕ್ಯದಲ್ಲಿ ಹೇಳಿ’ ಎಂದು ಕೇಳುವುದು ಉಪಯುಕ್ತ. ಅವರ ಉತ್ತರದಲ್ಲಿ ‘ಗುಣವಿಲ್ಲದಿದ್ದರೆ’ ಎಂಬ ಪದ ಬಾರದಿದ್ದರೆ ಅವರೂ ತಡವರಿಸುತ್ತಿದ್ದಾರೆಂದು ತಿಳಿಯಬಹುದು.

ಈಗ ಪ್ರಸಂಗದ ಮುಖ್ಯ ತಿರುವಿಗೆ ಬರುತ್ತೇವೆ. ಸೆಪ್ಟೆಂಬರಿನ ಗೋಷ್ಠಿಯಲ್ಲಿ ಕೇಳಬಹುದಾಗಿದ್ದ ಅತಿ ಮುಖ್ಯ ಪ್ರಶ್ನೆ ಇದು: ಇದೊಂದೇ ಲೆಕ್ಕವೆ, ಬೇರೆ ಬಗೆಯಲ್ಲಿಯೂ ಎಣಿಸಿದ್ದೀರಾ? ಎಣಿಸಿದ್ದರು. ಅಕ್ಟೋಬರಿನಲ್ಲಿ ಪ್ಯಾರಿಸ್ ನಗರದ ಸಮ್ಮೇಳನದಲ್ಲಿ ಪೂರ್ಣ ವರದಿ ಹೊರಬಂದಾಗ ಮೂರು ಲೆಕ್ಕಗಳು ಕಾಣಿಸಿಕೊಂಡವು.

ಗುಂಪಿಗೆ ಹಂಚಲಾದ ಎಲ್ಲ 16,402 ಮಂದಿಯನ್ನೂ ಎಣಿಸುವುದು ಮೊದಲನೆಯ ವಿಧಾನ. ಇದರಲ್ಲಿ ಲಸಿಕೆಯ ಕಡೆ 56, ಹುಸಿಮದ್ದಿನ ಕಡೆ 76. ಸೋಂಕು ತಗ್ಗಿದ ಪ್ರಮಾಣ ಶೇಕಡಾ 26, ಪಿ-ಮೌಲ್ಯ 0.08. ನಮ್ಮ ಉಪಾಯದಿಂದ ನೋಡಿದರೂ ಅಂತರ 20, ಇಮ್ಮಡಿ 23. ಗೆರೆ ದಾಟಲಿಲ್ಲ. ಎರಡನೆಯದು ಪತ್ರಿಕೆಗಳಿಗೆ ಹೋದ ಲೆಕ್ಕ. ಮೊದಲ ಚುಚ್ಚುಮದ್ದಿನ ವೇಳೆಗಾಗಲೇ ಸೋಂಕಿತರಾಗಿದ್ದರೆಂದು ಆಮೇಲೆ ತಿಳಿದುಬಂದ ಏಳು ಮಂದಿಯನ್ನು ಇದರಲ್ಲಿ ಬಿಡಲಾಗಿತ್ತು. ಆ ಏಳರಲ್ಲಿ ಐವರು ಲಸಿಕೆಯ ಗುಂಪಿನವರು, ಇಬ್ಬರು ಇನ್ನೊಂದು ಗುಂಪಿನವರು. ಹಾಗಾಗಿಯೇ 56 ಇದ್ದದ್ದು 51 ಆಯಿತು, 76 ಇದ್ದದ್ದು 74 ಆಯಿತು. ನಿಗದಿಯಾದ ಚುಚ್ಚುಮದ್ದುಗಳನ್ನೆಲ್ಲ ನಿಯಮಕ್ಕೆ ತಕ್ಕಂತೆ ಪಡೆದ ಸುಮಾರು 12,500 ಮಂದಿಯನ್ನು ಮಾತ್ರ ಎಣಿಸಿದ್ದು ಮೂರನೆಯ ಲೆಕ್ಕ. ಅಲ್ಲಿ 36ಕ್ಕೆ 50, ಶೇಕಡಾ 26, ಪಿ-ಮೌಲ್ಯ 0.16.

ಏಳು ಮಂದಿಯನ್ನು ಕೈಬಿಟ್ಟದ್ದು ಕುತಂತ್ರವಾಗಿತ್ತೆಂದು ನಾವು ಹೇಳುತ್ತಿಲ್ಲ. ಮೊದಲೇ ಸೋಂಕಿರುವವರನ್ನು ಯಾವ ಲಸಿಕೆಯೂ ಕಾಪಾಡಲಾರದು, ಆದುದರಿಂದ ಅವರನ್ನು ಬಿಡುವುದಕ್ಕೆ ವೈದ್ಯಶಾಸ್ತ್ರದ ಸಮರ್ಥನೆ ಇದೆ. ಆಕ್ಷೇಪ ಬಂದದ್ದು ಬೇರೆ ಕಾರಣಕ್ಕೆ. ಮೂರು ಲೆಕ್ಕಗಳಿದ್ದಾಗ ಗೆರೆ ದಾಟಿದ ಒಂದನ್ನು ಮಾತ್ರ ಮೊದಲು ಜನರ ಮುಂದಿಟ್ಟು ಉಳಿದೆರಡನ್ನು ತಿಂಗಳ ನಂತರ ತೋರಿಸಿದ್ದಕ್ಕೆ ಹಲವು ವಿಜ್ಞಾನಿಗಳು ಬೇಸರಗೊಂಡರು. ಮೂರನೆಯ ಲೆಕ್ಕವೂ ಸ್ವಲ್ಪ ಯೋಚಿಸುವಂತೆ ಮಾಡುತ್ತದೆ. ಲಸಿಕೆ ನಿಜವಾಗಿಯೂ ಕೆಲಸ ಮಾಡುವುದಾದರೆ, ಅದನ್ನು ಪೂರ್ತಿಯಾಗಿ ಪಡೆದವರಲ್ಲಿ ರಕ್ಷಣೆ ಹೆಚ್ಚಾಗಿ ಕಾಣಬೇಕಲ್ಲವೆ? ಕಾಣಲಿಲ್ಲ. ಎಣಿಕೆಗೆ ಸಿಕ್ಕವರು ಕಡಿಮೆಯಾದ್ದರಿಂದ ಆಕಸ್ಮಿಕದ ಪಾಲು ಅಲ್ಲಿ ದೊಡ್ಡದು, ಅದನ್ನೂ ಒಪ್ಪಬೇಕು. ಆದರೂ ಆ ಪ್ರಶ್ನೆ ಕೇಳತಕ್ಕದ್ದೇ.

ಮೂರು ಲೆಕ್ಕಗಳಲ್ಲಿ ಇಷ್ಟು ಗೊಂದಲವಾದರೆ, ಇಪ್ಪತ್ತು ಲೆಕ್ಕ ಹಾಕಿದಾಗ ಏನಾದೀತು? ನಿರ್ಗುಣವಾದ ಮದ್ದನ್ನೇ ಕೊಟ್ಟು ನಿದ್ರೆ, ಹಸಿವು, ರಕ್ತದೊತ್ತಡ, ಮೊಣಕಾಲು ನೋವು ಎಂದು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಸಂಗತಿಗಳನ್ನು ಅಳೆದರೆ, ಅವುಗಳಲ್ಲಿ ಒಂದಾದರೂ ಬರಿಯ ಆಕಸ್ಮಿಕದಿಂದ 0.05ರ ಗೆರೆ ದಾಟುವ ಸಂಭವ ನೂರಕ್ಕೆ 64. ದಾಟಿದ ಆ ಒಂದನ್ನೇ ಪರದೆಯ ಮೇಲೆ ತೋರಿಸಿದರೆ ನಮಗೆ ಹೇಗೆ ತಿಳಿಯಬೇಕು? ‘ಪರೀಕ್ಷೆ ಆರಂಭವಾಗುವ ಮುನ್ನವೇ ಮುಖ್ಯ ಅಳತೆ ಯಾವುದೆಂದು ಬರೆದಿಟ್ಟಿದ್ದಿರಾ?’ ಎಂದು ಕೇಳಿದರೆ ಮಾತ್ರ ತಿಳಿದೀತು.

ಪಿ-ಮೌಲ್ಯ 0.04 ಆದಾಗ ‘ಗೆದ್ದಿತು’, 0.08 ಆದಾಗ ‘ಸೋತಿತು’ ಎಂದು ತೀರ್ಪು ಮಗುಚಿತು. ಆದರೆ ಏಳು ಮಂದಿಯನ್ನು ಬಿಟ್ಟುದರಿಂದ ಲಸಿಕೆಯ ಬಗ್ಗೆ ನಮ್ಮ ತಿಳಿವಳಿಕೆ ನಿಜವಾಗಿಯೂ ಅಷ್ಟು ಬದಲಾಯಿತೆ? ಇದನ್ನು ಕಾಣಬೇಕಾದರೆ ವಿಶ್ವಾಸ ವ್ಯಾಪ್ತಿಯನ್ನು ಕೇಳಬೇಕು. ವೈದ್ಯರು ಇದನ್ನು ಕಾನ್ಫಿಡೆನ್ಸ್ ಇಂಟರ್ವಲ್ ಎನ್ನುತ್ತಾರೆ. ‘ಶೇಕಡಾ 31’ ಎಂಬ ಒಂದೇ ಅಂಕಿಯ ಬದಲು, ದೊರೆತ ಎಣಿಕೆಗೆ ಹೊಂದಿಕೊಳ್ಳಬಲ್ಲ ಬೆಲೆಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆಯೆಂದು ಇದು ತೋರಿಸುತ್ತದೆ. ಪತ್ರಿಕೆಗಳಿಗೆ ಹೋದ ಲೆಕ್ಕದಲ್ಲಿ ಈ ವ್ಯಾಪ್ತಿಯು ಶೇಕಡಾ 1.1ರಿಂದ 52.1ರವರೆಗೆ ಇತ್ತು. ಅಂದರೆ ಲಸಿಕೆಯು ಸೋಂಕನ್ನು ಅರ್ಧಕ್ಕೆ ಇಳಿಸಿರಲೂಬಹುದು, ಹೆಚ್ಚುಕಡಿಮೆ ಏನೂ ಮಾಡಿರದೆಯೂ ಇರಬಹುದು. ಎಲ್ಲರನ್ನೂ ಎಣಿಸಿದ ಲೆಕ್ಕದಲ್ಲಿ ಅದು ಋಣ 4.0ರಿಂದ 47.9. ಋಣ ಎಂದರೆ ಲಸಿಕೆ ಪಡೆದವರಲ್ಲಿಯೇ ಸೋಂಕು ತುಸು ಹೆಚ್ಚು ಎಂದರ್ಥ.

ಈ ಎರಡು ವ್ಯಾಪ್ತಿಗಳನ್ನು ಒಂದರ ಕೆಳಗೊಂದು ಗೆರೆಯಾಗಿ ಎಳೆದು ನೋಡಿರಿ. ಎರಡೂ ಬಹುಮಟ್ಟಿಗೆ ಒಂದೇ ಜಾಗದಲ್ಲಿವೆ. ಒಂದರ ಎಡ ತುದಿ ಸೊನ್ನೆಯ ಈಚೆ, ಇನ್ನೊಂದರದು ಸೊನ್ನೆಯ ಆಚೆ, ವ್ಯತ್ಯಾಸ ಅಷ್ಟೆ. ಗೆಲವು ಸೋಲುಗಳ ಹೆಸರಿನಲ್ಲಿ ನಡೆದ ಜಗಳಕ್ಕೆ ಹೋಲಿಸಿದರೆ ತಿಳಿವಳಿಕೆಯಲ್ಲಿ ಆದ ಬದಲಾವಣೆ ತೀರ ಅಲ್ಪ. ‘ಸ್ವಲ್ಪ ಗುಣವಿರಬಹುದು, ಎಷ್ಟೆಂದು ಹೇಳಲಾರೆವು, ಇಲ್ಲದಿರುವ ಸಾಧ್ಯತೆಯೂ ಉಳಿದಿದೆ’ ಎಂಬುದೇ ಎರಡೂ ಲೆಕ್ಕಗಳ ಪ್ರಾಮಾಣಿಕ ಸಾರ. ಉಪನ್ಯಾಸಕರು ಒಂದೇ ಅಂಕಿಯನ್ನು ಹೇಳಿ ಮುಂದೆ ಸಾಗಿದರೆ, ‘ಕನಿಷ್ಠ ಎಷ್ಟಿರಬಹುದು, ಗರಿಷ್ಠ ಎಷ್ಟಿರಬಹುದು?’ ಎಂದು ತಡೆದು ಕೇಳಬೇಕು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ಕನಿಷ್ಠದ ಅಂಕಿಯೇ ನಿಜವಾಗಿದ್ದರೂ ಈ ಚಿಕಿತ್ಸೆಯನ್ನು ಸಲಹೆ ಮಾಡುವಿರಾ?’

ವ್ಯಾಪ್ತಿಯ ಬೆನ್ನಿಗಿರುವ ‘ಶೇಕಡಾ 95’ ಎಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. 1930ರ ದಶಕದಲ್ಲಿ ಜೆರ್ಜಿ ನೇಮನ್ ಎಂಬ ಗಣಿತಜ್ಞರು ರೂಪಿಸಿದ ಈ ವಿಧಾನವನ್ನು ಕೆರೆಯಲ್ಲಿ ಬಲೆ ಬೀಸುವುದಕ್ಕೆ ಹೋಲಿಸಬಹುದು. ಮೀನು ಇದ್ದಲ್ಲಿಯೇ ಇದೆ, ಬಲೆ ಮಾತ್ರ ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುತ್ತದೆ. ಇದೇ ರೀತಿಯಲ್ಲಿ ನೂರು ಸಲ ಬೀಸಿದರೆ ಸುಮಾರು 95 ಸಲ ಮೀನು ಬಲೆಯೊಳಗಿರುತ್ತದೆ ಎಂಬುದು ಈ ವಿಧಾನದ ಭರವಸೆ. ಈಗ ಬೀಸಿದ ಈ ಬಲೆಯಲ್ಲಿ ಮೀನು ಇದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಬಲೆಯೇ ಹರಿದಿದ್ದರೆ, ಎಂದರೆ ಜನರನ್ನು ಆರಿಸುವಲ್ಲಿ ಪಕ್ಷಪಾತವಾಗಿದ್ದರೆ, ರೋಗಿಗಳು ನಡುವೆ ಬಿಟ್ಟುಹೋಗಿದ್ದರೆ, ಅಳತೆಯೇ ತಪ್ಪಿದ್ದರೆ, ಆ 95ರ ಭರವಸೆಯೂ ಉಳಿಯದು. ಆಕಸ್ಮಿಕದ ಏರುಪೇರನ್ನು ಮಾತ್ರ ಅದು ಅಳೆಯುತ್ತದೆ. ‘ಎಷ್ಟು ಮಂದಿ ನಡುವೆಯೇ ಬಿಟ್ಟುಹೋದರು?’ ಎಂಬ ಪ್ರಶ್ನೆಗೆ ವಿಶ್ವಾಸ ವ್ಯಾಪ್ತಿ ಎಷ್ಟೇ ಕಿರಿದಾಗಿದ್ದರೂ ಉತ್ತರ ಸಿಗುವುದಿಲ್ಲ, ಬಾಯಿಬಿಟ್ಟೇ ಕೇಳಬೇಕು.

ಇನ್ನು ನಕ್ಷೆಗಳು. ಅಂಕಿಗಳಿಗಿಂತ ಬೇಗ ಮನಸ್ಸಿಗೆ ನಾಟುವುದರಿಂದಲೇ ಅವು ಬೇಗ ದಾರಿ ತಪ್ಪಿಸುತ್ತವೆ. ಥಾಯ್ಲೆಂಡಿನ ಅಂಕಿಗಳನ್ನೇ ಸ್ತಂಭಗಳಾಗಿ ಬರೆಯೋಣ. ಸೋಂಕಿನ ಪ್ರಮಾಣ ಒಂದು ಕಡೆ ಶೇಕಡಾ 0.62, ಇನ್ನೊಂದು ಕಡೆ 0.90. ಸೊನ್ನೆಯಿಂದ ಆರಂಭಿಸಿ, ಶೇಕಡಾ 1ಕ್ಕೆ 10 ಸೆಂಟಿಮೀಟರಿನಂತೆ ಬರೆದರೆ 6.2 ಸೆಂಟಿಮೀಟರಿನ ಒಂದು ಸ್ತಂಭ, 9 ಸೆಂಟಿಮೀಟರಿನ ಇನ್ನೊಂದು. ಕಣ್ಣಿಗೆ ಕಾಣುವ ಪ್ರಮಾಣವೂ ಅಂಕಿಯ ಪ್ರಮಾಣವೂ ಒಂದೇ ಆಗಿವೆ. ಈಗ ಕೆಳಗಿನ ಗೆರೆಯನ್ನು ಸೊನ್ನೆಯ ಬದಲು 0.5ರಿಂದ ಆರಂಭಿಸಿರಿ. ಉಳಿಯುವ ಎತ್ತರ ಒಂದರದು 0.12, ಇನ್ನೊಂದರದು 0.40. ಒಂದು ಸ್ತಂಭ ಇನ್ನೊಂದರ ಮೂರುಪಟ್ಟಿಗೂ ಮಿಗಿಲಾಗಿ ಕಾಣುತ್ತದೆ. ಯಾವ ಅಂಕಿಯೂ ಸುಳ್ಳಲ್ಲ, ಬುಡವನ್ನು ಕತ್ತರಿಸಿದ್ದಷ್ಟೆ. ಸ್ತಂಭದ ಬದಲು ಸಿರಿಂಜಿನ ಚಿತ್ರವನ್ನು ಬರೆದು ಎತ್ತರದೊಂದಿಗೆ ಅಗಲವನ್ನೂ ಹಿಗ್ಗಿಸಿದರೆ, ಒಂದೂವರೆ ಪಟ್ಟಿನ ಅಂತರವು ವಿಸ್ತೀರ್ಣದಲ್ಲಿ ಎರಡು ಪಟ್ಟಿಗೂ ಮೇಲೇರುತ್ತದೆ, ಏಕೆಂದರೆ ಕಣ್ಣು ಅಳೆಯುವುದು ವಿಸ್ತೀರ್ಣವನ್ನು.

ಹಾಗೆಂದು ಎಲ್ಲ ನಕ್ಷೆಯೂ ಸೊನ್ನೆಯಿಂದಲೇ ಆರಂಭವಾಗಬೇಕೆಂಬ ನಿಯಮವಿಲ್ಲ. ಜ್ವರದ ನಕ್ಷೆಯನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 98 ಫ್ಯಾರನ್‌ಹೀಟ್ ಕೂಡ 103 ಕೂಡ ಒಂದೇ ಮಟ್ಟದಲ್ಲಿ ಕಂಡು, ಸುಡುವ ಜ್ವರವೂ ಮರೆಯಾಗುತ್ತದೆ. ಸ್ತಂಭವು ತನ್ನ ಉದ್ದದಿಂದ ಮಾತನಾಡುತ್ತದೆ, ಅದಕ್ಕೆ ಬುಡ ಬೇಕು. ರೇಖೆಯು ತನ್ನ ಏರಿಳಿತದಿಂದ ಮಾತನಾಡುತ್ತದೆ, ಅದಕ್ಕೆ ತಕ್ಕ ಅಳತೆ ಬೇಕು. ಆದುದರಿಂದ ಪರದೆಯ ಮೇಲೆ ನಕ್ಷೆ ಬಂದಾಗ ಮೊದಲು ಸ್ತಂಭಗಳನ್ನು ನೋಡದೆ ಎಡಬದಿಯ ಅಂಕಿಗಳನ್ನೂ ಕೆಳಬದಿಯ ಬರಹವನ್ನೂ ಓದುವ ರೂಢಿ ಮಾಡಿಕೊಳ್ಳಬೇಕು.

ಕೆಳಬದಿಯನ್ನು ಓದದೆ ಹೋದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. 2020ರ ಮೇ ತಿಂಗಳಲ್ಲಿ ಅಲ್ಲಿನ ಆರೋಗ್ಯ ಇಲಾಖೆಯು ಕೊರೊನಾ ಪ್ರಕರಣಗಳ ಸ್ತಂಭನಕ್ಷೆಯೊಂದನ್ನು ಪ್ರಕಟಿಸಿತು. ಎಡದಿಂದ ಬಲಕ್ಕೆ ಸ್ತಂಭಗಳು ಮೆಟ್ಟಿಲಿನಂತೆ ಇಳಿಯುತ್ತ ಹೋಗಿದ್ದವು, ರೋಗ ಇಳಿಮುಖವಾಗಿದೆಯೆಂಬಂತೆ. ಕೆಳಗಿನ ತಾರೀಖುಗಳನ್ನು ಓದಿದವರು ಬೆರಗಾದರು. ದಿನಗಳು ಅನುಕ್ರಮದಲ್ಲಿರಲಿಲ್ಲ, ಏಪ್ರಿಲ್ ಮೇ ತಿಂಗಳುಗಳ ದಿನಗಳು ಹಿಂದುಮುಂದಾಗಿ ಬೆರೆತಿದ್ದವು. ಹೆಚ್ಚಿನ ಸಂಖ್ಯೆಯ ದಿನ ಮೊದಲು, ಕಡಿಮೆಯದು ಆಮೇಲೆ ಎಂದು ಜೋಡಿಸಲಾಗಿತ್ತು. ಟೀಕೆ ಬಂದ ಮೇಲೆ ನಕ್ಷೆಯನ್ನು ಸರಿಪಡಿಸಿ ಕ್ಷಮೆ ಕೋರಲಾಯಿತು. ಅದನ್ನು ಕಂಡುಹಿಡಿಯಲು ಯಾವ ಗಣಿತವೂ ಬೇಕಾಗಿರಲಿಲ್ಲ, ತಾರೀಖು ಓದಲು ಬಂದರೆ ಸಾಕಿತ್ತು.

ನಕ್ಷೆಯ ಸ್ತಂಭಗಳ ನೆತ್ತಿಯಲ್ಲಿ ಸಣ್ಣ ಮೀಸೆಯಂತಹ ಗೆರೆಗಳಿರುವುದನ್ನು ಗಮನಿಸಿರಬಹುದು. ‘ಆ ಗೆರೆ ಏನು?’ ಎಂಬುದು ಸಭೆಯಲ್ಲಿ ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ. ಕೆಲವರು ಶೇಕಡಾ 95ರ ವಿಶ್ವಾಸ ವ್ಯಾಪ್ತಿಯನ್ನು ಬರೆದಿರುತ್ತಾರೆ. ಇನ್ನು ಕೆಲವರು ಸ್ಟ್ಯಾಂಡರ್ಡ್ ಎರರ್ ಎಂಬ ಅಳತೆಯನ್ನು ಬರೆದಿರುತ್ತಾರೆ. ಅದರ ಉದ್ದ ಮೊದಲನೆಯದರ ಅರ್ಧದಷ್ಟು ಮಾತ್ರ. ಹೀಗಾಗಿ ಅನಿಶ್ಚಯವು ಇದ್ದುದಕ್ಕಿಂತ ಅರ್ಧಕ್ಕೆ ಇಳಿದಂತೆ ತೋರುತ್ತದೆ. ಯಾವುದೆಂದು ಬರೆಯದೇ ಇದ್ದರೆ ಆ ಗೆರೆಗೆ ಅರ್ಥವಿಲ್ಲ.

ಕೊನೆಯದಾಗಿ, ಮಳೆಗಾಲವೋ ಬೇಸಗೆಯೋ ಎಂಬ ಮಾತಿಗೆ ಮರಳುತ್ತೇವೆ. ‘ಈ ಪರೀಕ್ಷೆಗೆ ಮೊದಲು ಇದರ ಬಗ್ಗೆ ಏನು ತಿಳಿದಿತ್ತು?’ ಎಂದು ಅಂದು ಯಾರಾದರೂ ಕೇಳಿದ್ದರೆ ಬರುತ್ತಿದ್ದ ಉತ್ತರ ಉತ್ತೇಜನಕಾರಿಯಾಗಿರಲಿಲ್ಲ. ಕೂಡಿಸಿ ಕೊಟ್ಟ ಎರಡು ಲಸಿಕೆಗಳಲ್ಲಿ ಒಂದು, ಒಂಟಿಯಾಗಿ ಪರೀಕ್ಷೆಗೆ ಒಳಗಾಗಿ 2003ರ ಹೊತ್ತಿಗೆ ವಿಫಲವಾಗಿತ್ತು. ಈ ಜೋಡಿಯಿಂದ ಫಲ ಸಿಗುವುದೆಂಬುದಕ್ಕೆ ಆಧಾರ ಸಾಲದು, ಇಂತಹ ಪರೀಕ್ಷೆ ಬೇಕೆ ಎಂದು 22 ವಿಜ್ಞಾನಿಗಳು 2004ರ ಆರಂಭದಲ್ಲಿಯೇ ಬಹಿರಂಗವಾಗಿ ಬರೆದಿದ್ದರು. ಬಲವಾದ ಪೂರ್ವಾಧಾರವಿರುವ ಔಷಧಕ್ಕೆ 0.04 ದೊರೆತರೆ ಅದು ಸಮರ್ಥನೆ. ಸಂದೇಹವಿರುವ ಔಷಧಕ್ಕೆ ಅದೇ 0.04 ದೊರೆತರೆ ಅದು ‘ಮತ್ತೊಮ್ಮೆ ಮಾಡಿ ನೋಡಿ’ ಎಂಬ ಸೂಚನೆ ಮಾತ್ರ.

ಮತ್ತೊಮ್ಮೆ ಮಾಡಿಯೂ ನೋಡಿದರು. ಥಾಯ್ಲೆಂಡಿನ ಫಲಿತಾಂಶದ ಬೆನ್ನು ಹಿಡಿದು, ದಕ್ಷಿಣ ಆಫ್ರಿಕಾದ ವೈರಸ್ ಬಗೆಗೆ ಹೊಂದುವಂತೆ ಮಾರ್ಪಡಿಸಿದ ಲಸಿಕೆಯೊಂದಿಗೆ 2016ರಲ್ಲಿ ಆ ದೇಶದಲ್ಲಿ 5,400ಕ್ಕೂ ಹೆಚ್ಚು ಮಂದಿಯ ಹೊಸ ಪರೀಕ್ಷೆ ಆರಂಭವಾಯಿತು. ನಡುವಿನ ಲೆಕ್ಕ ನೋಡಿದ ಮೇಲ್ವಿಚಾರಕರ ಸಲಹೆಯಂತೆ 2020ರ ಆರಂಭದಲ್ಲಿ ಚುಚ್ಚುಮದ್ದು ನೀಡುವುದನ್ನು ನಿಲ್ಲಿಸಲಾಯಿತು. ಸೋಂಕಿತರಾದವರು ಲಸಿಕೆಯ ಕಡೆ 129, ಹುಸಿಮದ್ದಿನ ಕಡೆ 123. ನಮ್ಮ ಉಪಾಯವನ್ನು ಇದಕ್ಕೂ ಹಚ್ಚಬಹುದು: ಅಂತರ 6, ಒಟ್ಟು 252ರ ವರ್ಗಮೂಲದ ಇಮ್ಮಡಿ ಸುಮಾರು 32. ಆ 6 ಎಂಬ ಅಂತರವೂ ಲಸಿಕೆಗೆ ಪ್ರತಿಕೂಲವಾದ ದಿಕ್ಕಿನದು, ಆದರೆ ಅಷ್ಟು ಚಿಕ್ಕ ಅಂತರದಿಂದ ಲಸಿಕೆ ಹಾನಿ ಮಾಡಿತೆಂದು ಹೇಳಲೂ ಬರುವುದಿಲ್ಲ. ಥಾಯ್ಲೆಂಡಿನಲ್ಲಿ ಕಂಡದ್ದು ಬರಿಯ ಆಕಸ್ಮಿಕವೇ ಎಂಬುದೂ ಇದರಿಂದ ಸಿದ್ಧವಾಗಲಿಲ್ಲ. ವೈರಸ್ಸಿನ ಬಗೆ ಬೇರೆ, ಲಸಿಕೆಯ ಜೊತೆಗೆ ಬೆರೆಸಿದ ಉತ್ತೇಜಕ ದ್ರವ್ಯ ಬೇರೆ, ಸೋಂಕಿನ ಪ್ರಮಾಣ ಅಲ್ಲಿ ಬಹಳ ಹೆಚ್ಚು. 2009ರಲ್ಲಿ ಎಳೆದ ಆ ವ್ಯಾಪ್ತಿಯ ಗೆರೆ, ಶೇಕಡಾ 1.1ರಿಂದ 52.1ರವರೆಗಿನದು, ಎಡ ತುದಿಯಲ್ಲಿ ಸೊನ್ನೆಗೆ ಅಷ್ಟು ಸಮೀಪ ಬಂದು ನಿಂತಿದ್ದುದನ್ನು ಅಂದು ನೋಡಿದ್ದವರಿಗೆ ಮಾತ್ರ ಈ ಸುದ್ದಿ ಅಷ್ಟಾಗಿ ಅನಿರೀಕ್ಷಿತವಾಗಿರಲಿಲ್ಲ.